ಹೆಸರಿನ ಬಾಲ ಹಿಡಿದು ಔಷಧಿಯ ವರ್ಗ ಗುರುತಿಸುವುದು: ಫಾರ್ಮಸಿ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಯಾಕ್ ನೋಡಿದ ಕೂಡಲೇ ಔಷಧಿ ಯಾವ ವರ್ಗದ್ದು ಅಂತ ಹೇಳಬಹುದಾ?

ಪ್ಯಾಕ್‌ನಲ್ಲಿ ಎಲ್ಲಿ ನೋಡುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ. ಡಬ್ಬಿಯ ಮೇಲೆ ಹೆಚ್ಚಾಗಿ ಮೊದಲು ಕಣ್ಣಿಗೆ ಬೀಳುವುದು ಬ್ರ್ಯಾಂಡ್ ಹೆಸರು ಮತ್ತು ಬಣ್ಣ. ಇವೆರಡೂ ಕಂಪನಿಯವು. ಅವುಗಳಿಂದ ವರ್ಗ ಗೊತ್ತಾಗುವುದಿಲ್ಲ. ಅದರ ಜೊತೆಗೆ ಮುದ್ರಿಸಿರುವ ಜೆನೆರಿಕ್ ಹೆಸರು ಮಾತ್ರ ವರ್ಗವನ್ನು ಹೇಳುತ್ತದೆ. ಅದೂ ಹೆಚ್ಚಾಗಿ ಹೆಸರಿನ ಕೊನೆಯ ಭಾಗದಲ್ಲಿ.

ಹಾಗಂತ ಪ್ಯಾಕ್ ಪೂರ್ತಿ ನಿರುಪಯೋಗಿ ಅಲ್ಲ. ಅದು ಗಾಜಿನ ಬಾಟಲಿಯೋ, ಅಲ್ಯೂಮಿನಿಯಂ ಸ್ಟ್ರಿಪ್ಪೋ, ಪುಡಿ ತುಂಬಿದ ಬಾಟಲಿಯೋ ಅನ್ನುವುದನ್ನು ಬಹಳ ಸಲ ಒಳಗಿರುವ ಔಷಧಿಯ ಗುಣವೇ ತೀರ್ಮಾನಿಸಿರುತ್ತದೆ. ಈ ಪುಟದಲ್ಲಿ ಮೊದಲು ಹೆಸರು, ಆಮೇಲೆ ಪ್ಯಾಕ್. ಕೌಂಟರಿನಲ್ಲೂ ಇದೇ ಕ್ರಮದಲ್ಲಿ ಓದಿ. ಮೊದಲು ಪ್ಯಾಕ್ ನೋಡಿ ವರ್ಗ ಊಹಿಸಿಬಿಟ್ಟರೆ, ಆಮೇಲೆ ಹೆಸರು ಓದುವಾಗ ಕಣ್ಣು ಆ ಊಹೆಗೆ ತಕ್ಕ ಹಾಗೆ ಓದಿಬಿಡುತ್ತದೆ.

ಹೆಸರಿನ ‘ಬಾಲ’ ಅಂದರೆ ಏನು? ಅದನ್ನು ಯಾರು ಗೊತ್ತು ಮಾಡಿದ್ದು?

ಜೆನೆರಿಕ್ ಹೆಸರುಗಳನ್ನು ಕಂಪನಿಗಳು ತಮಗೆ ತೋಚಿದಂತೆ ಇಡುವ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1950ರಲ್ಲಿ ಇದಕ್ಕೊಂದು ವ್ಯವಸ್ಥೆ ಶುರು ಮಾಡಿತು. ಮೊದಲ ಹೆಸರುಗಳ ಪಟ್ಟಿ 1953ರಲ್ಲಿ ಹೊರಬಂತು. ಒಂದೇ ಬಗೆಯ ಔಷಧಿಗಳ ಹೆಸರಿನಲ್ಲಿ ಒಂದೇ ತುಂಡು ಇರಬೇಕು ಅನ್ನುವುದು ಅದರ ಮುಖ್ಯ ನಿಯಮ. ಈ ತುಂಡಿಗೆ ‘ಸ್ಟೆಮ್’ ಅನ್ನುತ್ತಾರೆ. ಹೆಚ್ಚಿನವು ಹೆಸರಿನ ಕೊನೆಯಲ್ಲಿ ಬರುವುದರಿಂದ ಇಲ್ಲಿ ಬಾಲ ಎಂದೇ ಕರೆಯುತ್ತೇನೆ.

ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಮೂರನ್ನೂ ಜೋರಾಗಿ ಓದಿ. ಮೂರರಲ್ಲೂ ‘ಒಲಾಲ್’ ಇದೆ. ಮೂರೂ ಬೀಟಾ ಬ್ಲಾಕರ್‌ಗಳು. ಬಾಲದ ಹಿಂದಿರುವ ‘ಅಟೆನ್’, ‘ಮೆಟೊಪ್ರ್’ ಇತ್ಯಾದಿಗೆ ಸಾಮಾನ್ಯವಾಗಿ ಅರ್ಥವಿಲ್ಲ. ಒಂದನ್ನು ಇನ್ನೊಂದರಿಂದ ಬೇರೆ ಮಾಡಲು ಇರುವ ಅಕ್ಷರಗಳು ಅವು, ಅಷ್ಟೇ.

ಮೊದಲು ಯಾವ ಬಾಲಗಳನ್ನು ಕಲಿಯಲಿ? ಪಟ್ಟಿ ನೋಡಿದರೆ ತಲೆ ತಿರುಗುತ್ತದೆ.

ಪಟ್ಟಿಯನ್ನು ಪಕ್ಕಕ್ಕಿಡಿ. ರಕ್ತದೊತ್ತಡದ ಔಷಧಿಗಳಿಂದ ಶುರು ಮಾಡಿ. ಅಲ್ಲಿ ಬಾಲಗಳು ಸ್ಪಷ್ಟವಾಗಿವೆ, ಮೋಸ ಕಡಿಮೆ.

‘ಪ್ರಿಲ್’ ಎಂದು ಮುಗಿಯುವವು ಎಸಿಇ ಇನ್‌ಹಿಬಿಟರ್‌ಗಳು: ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್. ‘ಸಾರ್ಟನ್’ ಇದ್ದರೆ ಆಂಜಿಯೊಟೆನ್ಸಿನ್ ರಿಸೆಪ್ಟರ್ ತಡೆಯುವವು: ಲೊಸಾರ್ಟನ್, ಟೆಲ್ಮಿಸಾರ್ಟನ್. ‘ಡಿಪಿನ್’ ಇದ್ದರೆ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್: ಅಮ್ಲೊಡಿಪಿನ್, ನಿಫೆಡಿಪಿನ್. ‘ಒಲಾಲ್’ ಆಗಲೇ ನೋಡಿದೆವು.

ಬಾಲದ ಜೊತೆಗೆ ಒಂದೇ ಒಂದು ಅಡ್ಡಪರಿಣಾಮವನ್ನೂ ಕಟ್ಟಿಕೊಂಡು ಕಲಿಯಿರಿ. ಆಗ ಅದು ಬರೀ ಶಬ್ದವಾಗಿ ಉಳಿಯುವುದಿಲ್ಲ. ಪ್ರಿಲ್‌ಗೆ ಒಣ ಕೆಮ್ಮು. ಎಸಿಇ ಕಿಣ್ವ ಬ್ರಾಡಿಕೈನಿನ್ ಅನ್ನೂ ಒಡೆಯುತ್ತದೆ. ಕಿಣ್ವವನ್ನು ತಡೆದರೆ ಬ್ರಾಡಿಕೈನಿನ್ ಉಳಿದುಕೊಳ್ಳುತ್ತದೆ, ಕೆಮ್ಮು ಬರುತ್ತದೆ. ಸಾರ್ಟನ್ ಆ ಕಿಣ್ವದ ತಂಟೆಗೆ ಹೋಗುವುದಿಲ್ಲ, ಹಾಗಾಗಿ ಕೆಮ್ಮು ಅಪರೂಪ. ಪ್ರಿಲ್ ತೆಗೆದುಕೊಂಡು ಕೆಮ್ಮು ಬಂದವರಿಗೆ ವೈದ್ಯರು ಸಾರ್ಟನ್ ಬರೆಯುವುದು ಇದೇ ಕಾರಣಕ್ಕೆ. ಡಿಪಿನ್‌ಗೆ ಪಾದದ ಊತ. ಒಲಾಲ್‌ಗೆ ನಿಧಾನವಾಗುವ ನಾಡಿ.

ಇವು ಬಾಯಿಗೆ ಬಂದ ಮೇಲೆ ಸಕ್ಕರೆ ಕಾಯಿಲೆಯ ಕಡೆ ಹೋಗಿ: ‘ಗ್ಲಿಪ್ಟಿನ್’, ‘ಗ್ಲಿಫ್ಲೊಜಿನ್’, ‘ಗ್ಲಿಟಜೋನ್’. ಮೂರರಲ್ಲೂ ‘ಗ್ಲಿ’ ಇರುವುದು ಆಕಸ್ಮಿಕ ಅಲ್ಲ. ಅದು ರಕ್ತದ ಸಕ್ಕರೆ ಇಳಿಸುವ ಔಷಧಿಗಳ ಗುರುತು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ಗಳಲ್ಲಿ ಅದೇ ಗುರುತು ಹೆಸರಿನ ಮುಂದೆ ಬಂದು ಕೂತಿದೆ.

‘ಅಜೋಲ್’ ಅಂತ ಮುಗಿದರೆ ಅದು ಫಂಗಸ್‌ಗೆ ಕೊಡುವ ಔಷಧಿ ಅಲ್ವಾ?

ಅಲ್ಲ. ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದು ಇಲ್ಲೇ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಅಜೋಲ್ ಅನ್ನುವುದು ರಸಾಯನಶಾಸ್ತ್ರದ ಮಾತು. ಐದು ಪರಮಾಣುಗಳ ಒಂದು ಉಂಗುರ, ಅದರಲ್ಲಿ ನೈಟ್ರೋಜನ್. ಈ ಉಂಗುರ ಎಷ್ಟೋ ಬೇರೆ ಬೇರೆ ಔಷಧಿಗಳಲ್ಲಿದೆ. ಉಂಗುರ ಒಂದೇ ಆದ ಮಾತ್ರಕ್ಕೆ ಕೆಲಸ ಒಂದೇ ಆಗುವುದಿಲ್ಲ. ಆದ್ದರಿಂದ ಅಜೋಲ್ ಅನ್ನುವಷ್ಟನ್ನೇ ಬಾಲ ಅಂತ ಹಿಡಿದರೆ ಎಲ್ಲಿಗೂ ತಲುಪುವುದಿಲ್ಲ. ಅದರ ಹಿಂದಿನ ಒಂದೆರಡು ಅಕ್ಷರಗಳನ್ನೂ ಸೇರಿಸಿ ಓದಬೇಕು.

‘ಕೊನಜೋಲ್’ ಇದ್ದರೆ ಫಂಗಸ್: ಫ್ಲುಕೊನಜೋಲ್, ಇಟ್ರಾಕೊನಜೋಲ್, ಕೀಟೊಕೊನಜೋಲ್. ‘ನಿಡಜೋಲ್’ ಇದ್ದರೆ ಅಮೀಬಾದಂಥ ಪ್ರೋಟೋಜೋವಾ ಮತ್ತು ಆಮ್ಲಜನಕ ಇಲ್ಲದೆ ಬದುಕುವ ಬ್ಯಾಕ್ಟೀರಿಯಾ: ಮೆಟ್ರೊನಿಡಜೋಲ್, ಟಿನಿಡಜೋಲ್. ‘ಬೆಂಡಜೋಲ್’ ಇದ್ದರೆ ಹೊಟ್ಟೆಯ ಹುಳು: ಆಲ್ಬೆಂಡಜೋಲ್, ಮೆಬೆಂಡಜೋಲ್. ‘ಪ್ರಜೋಲ್’ ಇದ್ದರೆ ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ರೋಟಾನ್ ಪಂಪ್ ಇನ್‌ಹಿಬಿಟರ್: ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್. ‘ಟ್ರೊಜೋಲ್’ ಇದ್ದರೆ ಅರೊಮಟೇಸ್ ಕಿಣ್ವವನ್ನು ತಡೆಯುವ, ಹೆಚ್ಚಾಗಿ ಸ್ತನ ಕ್ಯಾನ್ಸರ್‌ಗೆ ಬಳಸುವ ಔಷಧಿ: ಲೆಟ್ರೊಜೋಲ್, ಅನಾಸ್ಟ್ರೊಜೋಲ್.

ಇಷ್ಟರಲ್ಲೂ ಸೇರದ ಅಜೋಲ್‌ಗಳಿವೆ. ಕಾರ್ಬಿಮಜೋಲ್ ಥೈರಾಯ್ಡ್ ಅತಿಯಾದವರಿಗೆ. ಸಲ್ಫಾಮೆಥಾಕ್ಸಜೋಲ್‌ನಲ್ಲಿ ನೋಡಬೇಕಾದದ್ದು ಬಾಲವನ್ನಲ್ಲ, ಮುಂದಿರುವ ‘ಸಲ್ಫಾ’ವನ್ನು. ಸಲ್ಫಾ ಅಲರ್ಜಿ ಇರುವ ರೋಗಿಯ ವಿಷಯದಲ್ಲಿ ಆ ಮುಂದಿನ ತುಂಡನ್ನು ಕಾಣದೆ ಹೋದರೆ ದೊಡ್ಡ ತಾಪತ್ರಯ.

ಎರಡು ಅಜೋಲ್‌ಗಳು ಒಂದೇ ಚೀಟಿಯಲ್ಲಿ ಬಂದಾಗ ಈ ವ್ಯತ್ಯಾಸ ಇನ್ನೂ ಮುಖ್ಯ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಿ ರಕ್ತಕ್ಕೆ ಸೇರಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕು. ಒಮೆಪ್ರಜೋಲ್ ಆ ಆಮ್ಲವನ್ನೇ ಕಡಿಮೆ ಮಾಡುತ್ತದೆ. ಎರಡೂ ಅಜೋಲ್, ಎರಡೂ ಒಂದೇ ಕುಟುಂಬ ಅಂದುಕೊಂಡವನಿಗೆ ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಹೊಳೆಯುವುದಿಲ್ಲ.

ಪ್ರಜೋಲ್ ಅಂತ ಇದ್ದರೆ ಆಮ್ಲದ ಔಷಧಿ ಅಂತ ಖಚಿತವಾಗಿ ಹೇಳಬಹುದಾ? ಒಂದು ಉದಾಹರಣೆ ಬಿಡಿಸಿ ತೋರಿಸಿ.

ಖಚಿತವಾಗಿ ಹೇಳಲಾಗದು. ಎರಡು ಸ್ಟ್ರಿಪ್‌ಗಳು ಮುಂದಿವೆ ಅಂದುಕೊಳ್ಳಿ. ಒಂದರ ಮೇಲೆ ರಾಬೆಪ್ರಜೋಲ್ 20 ಮಿ.ಗ್ರಾಂ. ಇನ್ನೊಂದರ ಮೇಲೆ ಅರಿಪಿಪ್ರಜೋಲ್ 20 ಮಿ.ಗ್ರಾಂ. ಎರಡೂ ಚಿಕ್ಕ ಮಾತ್ರೆಗಳು. ಎರಡೂ ದಿನಕ್ಕೊಂದು. ಎರಡರ ಕೊನೆಯೂ ಪ್ರಜೋಲ್.

ಮೊದಲ ಹೆಜ್ಜೆ, ಬಾಲವನ್ನು ಇನ್ನಷ್ಟು ಹಿಂದಿನಿಂದ ಹಿಡಿಯುವುದು. ರಾಬೆಪ್ರಜೋಲ್‌ನಲ್ಲಿ ಪ್ರಜೋಲ್‌ನ ಹಿಂದೆ ‘ಬೆ’ ಇದೆ. ಅದು ಯಾವ ಸ್ಟೆಮ್‌ಗೂ ಸೇರಿದ್ದಲ್ಲ. ಅರಿಪಿಪ್ರಜೋಲ್‌ನಲ್ಲಿ ‘ಪಿ’ ಇದೆ. ‘ಪಿಪ್ರಜೋಲ್’ ಅನ್ನುವುದೇ ಬೇರೆ ಸ್ಟೆಮ್. ಅದು ಮನಸ್ಸಿನ ಮೇಲೆ ಕೆಲಸ ಮಾಡುವ ಔಷಧಿಗಳದ್ದು. ಅರಿಪಿಪ್ರಜೋಲ್ ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೊಂದರೆಗಳಿಗೆ ಕೊಡುವ ಆಂಟಿಸೈಕೋಟಿಕ್. ಬ್ರೆಕ್ಸ್‌ಪಿಪ್ರಜೋಲ್ ಕೂಡ ಇದೇ ಗುಂಪು.

ಎರಡನೇ ಹೆಜ್ಜೆ, ಬಲ. ಇಲ್ಲಿ ಅದು ಸಹಾಯ ಮಾಡುವುದಿಲ್ಲ. ರಾಬೆಪ್ರಜೋಲ್ 10 ಮತ್ತು 20 ಮಿ.ಗ್ರಾಂ.ನಲ್ಲಿ ಸಿಗುತ್ತದೆ. ಅರಿಪಿಪ್ರಜೋಲ್ ಮಾತ್ರೆಯೂ 10, 20ರಲ್ಲಿ ಸಿಗುತ್ತದೆ. ಸಂಖ್ಯೆ ಹೊಂದಿತು ಅಂತ ಸಮಾಧಾನ ಪಡುವ ಹಾಗಿಲ್ಲ. ಚೀಟಿಯಲ್ಲಿ 15 ಅಥವಾ 30 ಅಂತಿದ್ದರೆ ಅರಿಪಿಪ್ರಜೋಲ್ ಕಡೆಗೆ ಅನುಮಾನ ಹೋಗಬೇಕು. 40 ಅಂತಿದ್ದರೆ ಪ್ಯಾಂಟೊಪ್ರಜೋಲ್‌ ಅಥವಾ ಒಮೆಪ್ರಜೋಲ್ ನೆನಪಾಗಬೇಕು.

ಮೂರನೇ ಹೆಜ್ಜೆ, ಮಾತ್ರೆಯ ರೂಪ. ಇಲ್ಲಿ ಸುಳಿವು ಸಿಗುತ್ತದೆ. ಪ್ರೋಟಾನ್ ಪಂಪ್ ಇನ್‌ಹಿಬಿಟರ್‌ಗಳು ಆಮ್ಲದಲ್ಲಿ ಬೇಗ ಹಾಳಾಗುತ್ತವೆ. ಆಮ್ಲ ಕಡಿಮೆ ಮಾಡಬೇಕಾದ ಔಷಧಿಯೇ ಆಮ್ಲಕ್ಕೆ ಹೆದರುತ್ತದೆ! ಹಾಗಾಗಿ ಮಾತ್ರೆಯ ಮೇಲೆ, ಇಲ್ಲವೇ ಕ್ಯಾಪ್ಸೂಲಿನೊಳಗಿನ ಸಣ್ಣ ಗುಂಡುಗಳ ಮೇಲೆ, ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗುವ ಲೇಪ ಇರುತ್ತದೆ. ರಾಬೆಪ್ರಜೋಲ್ ಸ್ಟ್ರಿಪ್ ಮೇಲೆ ‘ಎಂಟೆರಿಕ್ ಕೋಟೆಡ್’ ಅಥವಾ ‘ಗ್ಯಾಸ್ಟ್ರೋ ರೆಸಿಸ್ಟೆಂಟ್’ ಅಂತ ಬರೆದಿರುತ್ತದೆ. ಅರಿಪಿಪ್ರಜೋಲ್ ಮಾತ್ರೆಗೆ ಆ ಲೇಪದ ಅಗತ್ಯವಿಲ್ಲ. ಸ್ಟ್ರಿಪ್ ಮೇಲೂ ಆ ಮಾತು ಇರುವುದಿಲ್ಲ.

ನಾಲ್ಕನೇ ಹೆಜ್ಜೆ, ಚೀಟಿಯಲ್ಲಿ ಬರೆದ ಸಮಯ. ಪ್ರೋಟಾನ್ ಪಂಪ್ ಔಷಧಿಯಾದರೆ ಹೆಚ್ಚಾಗಿ ಬೆಳಗ್ಗೆ, ಊಟ ತಿಂಡಿಗೆ ಮುಂಚೆ ಅಂತ ಬರೆದಿರುತ್ತಾರೆ. ಅರಿಪಿಪ್ರಜೋಲ್‌ಗೆ ಊಟದ ಗೊಡವೆ ಇಲ್ಲ.

ಈ ಜೋಡಿ ನಾನು ಸುಮ್ನೆ ಕಟ್ಟಿದ್ದಲ್ಲ. ಗೊಂದಲ ತರುವ ಹೆಸರುಗಳಲ್ಲಿ ಬೇರೆಯಾದ ಭಾಗವನ್ನು ದೊಡ್ಡಕ್ಷರದಲ್ಲಿ ಮುದ್ರಿಸುವ ಪದ್ಧತಿ ಇದೆ. ಅದಕ್ಕಾಗಿ ಮಾಡಿರುವ ಪಟ್ಟಿಗಳಲ್ಲಿ ಇದೂ ಇದೆ: `ARIPiprazole`, `RABEprazole`. ಕಂಪ್ಯೂಟರ್ ಪರದೆಯಲ್ಲಿ ಹೀಗೆ ಕಂಡರೆ ಮುದ್ರಣದೋಷ ಅಂದುಕೊಳ್ಳಬೇಡಿ. ಇಲ್ಲಿ ಒಂದು ಕ್ಷಣ ನಿಂತು ಓದಿ ಅನ್ನುವ ಸೂಚನೆ ಅದು.

‘ಮೈಸಿನ್’ ಇದ್ದರೆ ಆಂಟಿಬಯೋಟಿಕ್ ಅಂತ ಸಾಕಲ್ವಾ?

ಸಾಲದು. ‘ಮೈಸಿನ್’ ಔಷಧಿಯ ಮೂಲವನ್ನು ಹೇಳುತ್ತದೆ, ಕೆಲಸವನ್ನಲ್ಲ. ಸ್ಟ್ರೆಪ್ಟೊಮೈಸಿಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಬಂದ ಔಷಧಿಗಳಿಗೆ ಈ ಬಾಲ ಕೊಟ್ಟರು. ಹಾಗಾಗಿ ಈ ಒಂದೇ ಬಾಲದ ಕೆಳಗೆ ಬೇರೆ ಬೇರೆ ವರ್ಗಗಳು ಸೇರಿಕೊಂಡಿವೆ. ಸ್ಟ್ರೆಪ್ಟೊಮೈಸಿನ್ ಅಮಿನೊಗ್ಲೈಕೊಸೈಡ್. ವ್ಯಾಂಕೊಮೈಸಿನ್ ಗ್ಲೈಕೊಪೆಪ್ಟೈಡ್. ಕ್ಲಿಂಡಮೈಸಿನ್ ಇನ್ನೊಂದು ವರ್ಗ. ಮೈಟೊಮೈಸಿನ್, ಬ್ಲಿಯೊಮೈಸಿನ್ ಅಂತೂ ಕ್ಯಾನ್ಸರ್‌ಗೆ ಕೊಡುವವು.

ಇಲ್ಲೂ ಬಾಲವನ್ನು ಉದ್ದ ಹಿಡಿದರೆ ದಾರಿ ಸಿಗುತ್ತದೆ. ‘ಥ್ರೊಮೈಸಿನ್’ ಅಂತ ಪೂರ್ತಿ ಇದ್ದರೆ ಮ್ಯಾಕ್ರೊಲೈಡ್: ಎರಿಥ್ರೊಮೈಸಿನ್, ಅಜಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್. ಉಳಿದ ಮೈಸಿನ್‌ಗಳನ್ನು ಒಂದೊಂದಾಗಿಯೇ ಕಲಿಯಬೇಕು. ಅಡ್ಡದಾರಿ ಇಲ್ಲ. ಉಳಿದ ಆಂಟಿಬಯೋಟಿಕ್‌ಗಳಲ್ಲಿ ‘ಸಿಲಿನ್’, ‘ಫ್ಲಾಕ್ಸಸಿನ್’, ‘ಸೈಕ್ಲಿನ್’, ಮುಂದೆ ಬರುವ ‘ಸೆಫ್’ ನಂಬಬಹುದಾದ ಗುರುತುಗಳು.

ಬೇರೆ ಯಾವ ಬಾಲಗಳು ಮೋಸ ಮಾಡುತ್ತವೆ?

ಕೊಲೆಸ್ಟರಾಲ್ ಇಳಿಸುವ ಔಷಧಿಗಳನ್ನು ಎಲ್ಲರೂ ‘ಸ್ಟಾಟಿನ್’ ಅನ್ನುತ್ತಾರೆ. ಮಾತಿನಲ್ಲಿ ಸರಿ. ಹೆಸರಿನಲ್ಲಿ ನೋಡಬೇಕಾದದ್ದು ‘ವಾಸ್ಟಾಟಿನ್’: ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್. ‘ವಾ’ ಇಲ್ಲದ ನಿಸ್ಟಾಟಿನ್ ಬಾಯಿಯ ಫಂಗಸ್‌ಗೆ. ಸಿಲಾಸ್ಟಾಟಿನ್ ಆಂಟಿಬಯೋಟಿಕ್ ಆದ ಇಮಿಪೆನೆಮ್ ಜೊತೆ ಬರುತ್ತದೆ, ಮೂತ್ರಪಿಂಡದಲ್ಲಿ ಅದು ಒಡೆಯದಂತೆ ಕಾಯಲು.

‘ಟಿಡಿನ್’ ಅಂದರೆ ಫಾಮೊಟಿಡಿನ್, ರಾನಿಟಿಡಿನ್, ಆಮ್ಲಕ್ಕೆ. ಆದರೆ ಅಜಸಿಟಿಡಿನ್ ರಕ್ತ ಮತ್ತು ಅಸ್ಥಿಮಜ್ಜೆಯ ಕ್ಯಾನ್ಸರ್‌ಗೆ. ‘ಒಲಾಲ್’ ಕೂಡ ಒಂದು ಕಡೆ ಕೈಕೊಡುತ್ತದೆ: ಸ್ಟಾನೊಜೊಲಾಲ್ ಬೀಟಾ ಬ್ಲಾಕರ್ ಅಲ್ಲ, ಅನಬಾಲಿಕ್ ಸ್ಟೀರಾಯ್ಡ್.

ಎಲ್ಲ ಮೋಸಗಳಿಗೂ ಮದ್ದು ಒಂದೇ. ಬಾಲವನ್ನು ಎಷ್ಟು ಉದ್ದ ಹಿಡಿಯಲು ಸಾಧ್ಯವೋ ಅಷ್ಟು ಉದ್ದ ಹಿಡಿಯಿರಿ. ಅದಾದ ಮೇಲೂ ಆ ಹೆಸರನ್ನು ಮೊದಲ ಸಲ ನೋಡುತ್ತಿದ್ದರೆ ಪುಸ್ತಕ ತೆಗೆದು ನೋಡಿ.

ಹೆಸರಿನ ಮುಂದೆ ‘ಎಸ್’, ‘ಲೆವೊ’, ‘ಡೆಕ್ಸ್’ ಬಂದರೆ ವರ್ಗ ಬದಲಾಗುತ್ತದಾ?

ಸಾಮಾನ್ಯವಾಗಿ ಇಲ್ಲ. ಕೆಲವು ಅಣುಗಳು ಎಡಗೈ ಬಲಗೈ ಥರ ಎರಡು ರೂಪದಲ್ಲಿರುತ್ತವೆ. ಹಳೆಯ ಔಷಧಿಯಲ್ಲಿ ಎರಡೂ ಬೆರೆತಿದ್ದು, ಹೊಸದರಲ್ಲಿ ಒಂದೇ ರೂಪ ಇದ್ದರೆ ಈ ಮುಂದಿನ ತುಂಡು ಬರುತ್ತದೆ. ಒಮೆಪ್ರಜೋಲ್‌ನಿಂದ ಎಸೊಮೆಪ್ರಜೋಲ್. ಸೆಟಿರಿಜಿನ್‌ನಿಂದ ಲೆವೊಸೆಟಿರಿಜಿನ್. ವರ್ಗ ಅದೇ, ಡೋಸ್ ಬೇರೆ ಇರಬಹುದು. ಸೆಟಿರಿಜಿನ್ 10 ಮಿ.ಗ್ರಾಂ. ಇದ್ದರೆ ಲೆವೊಸೆಟಿರಿಜಿನ್ 5. ಡೆಕ್ಸಮೆಥಸೋನ್ ಮಾತ್ರ ಇದರಲ್ಲಿ ಸೇರುವುದಿಲ್ಲ. ಅಲ್ಲಿನ ‘ಡೆಕ್ಸ’ ಆ ಹೆಸರಿನದೇ ಭಾಗ.

ಜೆನೆರಿಕ್ ಹೆಸರಿನ ಪಕ್ಕದ ‘ಬೆಸಿಲೇಟ್’, ‘ಸಕ್ಸಿನೇಟ್’ ಇವೆಲ್ಲ ಏನು?

ಅದು ಉಪ್ಪಿನ ಹೆಸರು. ವರ್ಗ ಗುರುತಿಸುವಾಗ ಅದನ್ನು ಬಿಟ್ಟು ಓದಿ. ‘ಅಮ್ಲೊಡಿಪಿನ್ ಬೆಸಿಲೇಟ್’ನಲ್ಲಿ ಬಾಲ ಇರುವುದು ಮೊದಲ ಪದದಲ್ಲಿ.

ಆದರೆ ಔಷಧಿ ಕೊಡುವಾಗ ಅದನ್ನು ಬಿಡುವ ಹಾಗಿಲ್ಲ. ಮೆಟೊಪ್ರೊಲಾಲ್ ಟಾರ್ಟ್ರೇಟ್ ಸಾಮಾನ್ಯವಾಗಿ ಬೇಗ ಬಿಡುಗಡೆಯಾಗುವ ಮಾತ್ರೆ. ಮೆಟೊಪ್ರೊಲಾಲ್ ಸಕ್ಸಿನೇಟ್ ದಿನಕ್ಕೊಂದೇ ಸಾಕಾಗುವಂತೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ವರ್ಗ ಒಂದೇ, ಅದಲು ಬದಲು ಮಾತ್ರ ಮಾಡುವಂತಿಲ್ಲ.

ಬಾಲವೇ ಇಲ್ಲದ ಹೆಸರುಗಳನ್ನು ಏನು ಮಾಡುವುದು?

ಬಾಯಿಪಾಠ. ಆಸ್ಪಿರಿನ್, ವಾರ್ಫರಿನ್, ಡಿಗಾಕ್ಸಿನ್ ಮುಂತಾದ ಹಳೆಯ ಹೆಸರುಗಳಲ್ಲಿ ವರ್ಗದ ಗುರುತು ಹುಡುಕಿದರೂ ಸಿಗುವುದಿಲ್ಲ. ಪುಣ್ಯಕ್ಕೆ ಇಂಥವು ದಿನಾ ಕಣ್ಣಿಗೆ ಬೀಳುವ ಔಷಧಿಗಳೇ.

ಅಮೆರಿಕದ ಪುಸ್ತಕ ಓದುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿ ಕೆಲವು ಔಷಧಿಗಳಿಗೆ ಬೇರೆ ಹೆಸರು. ಪ್ಯಾರಾಸಿಟಮಾಲ್ ಅಲ್ಲಿ ಅಸೆಟಮಿನೊಫೆನ್. ಅಡ್ರಿನಲಿನ್ ಎಪಿನೆಫ್ರಿನ್. ಸಾಲ್ಬುಟಮಾಲ್ ಆಲ್ಬುಟೆರಾಲ್. ಕೊನೆಯದು ತಮಾಷೆಯಾಗಿದೆ. ಶ್ವಾಸನಾಳ ಹಿಗ್ಗಿಸುವ ಔಷಧಿಗಳ ‘ಟೆರಾಲ್’ ಬಾಲ ಅಮೆರಿಕದ ಹೆಸರಿನಲ್ಲಿದೆ, ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಹೆಸರಿನಲ್ಲೇ ಇಲ್ಲ.

‘ಮ್ಯಾಬ್’ ಅಂದರೆ ಮಾನೊಕ್ಲೋನಲ್ ಆಂಟಿಬಾಡಿ ಅಂತ ಕಲಿತೆವು. ಹೊಸ ಔಷಧಿಗಳಲ್ಲಿ ಅದು ಕಾಣುತ್ತಿಲ್ಲವಲ್ಲ?

ಆ ಬಾಲದಡಿ ಹೆಸರುಗಳು ತುಂಬಿ ಹೋಗಿ, ಒಂದಕ್ಕೊಂದು ತೀರಾ ಹೋಲತೊಡಗಿದವು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಹೆಸರುಗಳಿಗೆ ‘ಮ್ಯಾಬ್’ ಕೊಡುವುದನ್ನು ನಿಲ್ಲಿಸಿ, ಆ ಜಾಗಕ್ಕೆ ‘ಟಗ್’, ‘ಬಾರ್ಟ್’, ‘ಮಿಗ್’, ‘ಮೆಂಟ್’ ಅನ್ನುವ ನಾಲ್ಕು ಬಾಲಗಳನ್ನು ತಂದಿತು. ಹಳೆಯ ಹೆಸರುಗಳು ಹಾಗೇ ಇವೆ. ರಿಟುಕ್ಸಿಮ್ಯಾಬ್ ರಿಟುಕ್ಸಿಮ್ಯಾಬ್ ಆಗಿಯೇ ಉಳಿಯುತ್ತದೆ.

ಸರಿ, ಪ್ಯಾಕ್‌ಗೆ ಬರೋಣ. ಬಣ್ಣ ನೋಡಿ ಗುರುತಿಸಬಾರದು ಅಂತ ಯಾಕೆ ಅಷ್ಟು ಒತ್ತಿ ಹೇಳುತ್ತೀರಿ?

ಕಂಪನಿಗೆ ತನ್ನ ಎಲ್ಲ ಡಬ್ಬಿಗಳೂ ಒಂದೇ ಮನೆಯವು ಅನ್ನಿಸುವಂತೆ ಕಾಣಬೇಕು. ಹಾಗಾಗಿ ಒಂದೇ ಕಂಪನಿಯ ರಕ್ತದೊತ್ತಡದ ಮಾತ್ರೆ, ಸಕ್ಕರೆ ಮಾತ್ರೆ, ಅಲರ್ಜಿ ಮಾತ್ರೆ ಮೂರಕ್ಕೂ ಒಂದೇ ಬಿಳಿ ಡಬ್ಬಿ, ಒಂದೇ ಥರದ ಪಟ್ಟಿ ಇರಬಹುದು. ಅದೇ ಔಷಧಿಯನ್ನು ಐದು ಕಂಪನಿಗಳು ಐದು ಬಣ್ಣದಲ್ಲಿ ಕೊಡಬಹುದು. ಒಂದೇ ಔಷಧಿಯ 5 ಮತ್ತು 10 ಮಿ.ಗ್ರಾಂ. ಡಬ್ಬಿಗಳ ನಡುವೆ ಬರೀ ಒಂದು ಪಟ್ಟಿಯ ಬಣ್ಣ ಬೇರೆ ಇರುವುದೂ ಉಂಟು. ಕಪಾಟಿನಿಂದ ತಪ್ಪು ಡಬ್ಬಿ ತೆಗೆಯುವುದು ಹೆಚ್ಚಾಗಿ ಹೀಗೇ. ಬಣ್ಣ ನೋಡಿ ಕೈ ಹೋಗುತ್ತದೆ, ಹೆಸರು ಓದಿದೆ ಅನ್ನುವ ಭ್ರಮೆ ಮನಸ್ಸಿಗೆ ಬರುತ್ತದೆ. ಕಂಪನಿ ಡಬ್ಬಿಯ ವಿನ್ಯಾಸ ಬದಲಿಸಿದ ದಿನ, ಬಣ್ಣ ನಂಬಿ ಕಲಿತದ್ದೆಲ್ಲ ನೀರಿನಲ್ಲಿ ಹೋಮ.

ಬಣ್ಣಕ್ಕೆ ನಿಜವಾದ ಅರ್ಥ ಇರುವ ಜಾಗ ಎಲ್ಲೂ ಇಲ್ಲವಾ?

ಕೆಲವು ಕಡೆ ಇದೆ. ಮೊದಲನೆಯದು ಕಣ್ಣಿನ ಹನಿಗಳ ಮುಚ್ಚಳ. ಬಾಟಲಿಗಳು ಪುಟ್ಟವು, ಅಕ್ಷರ ಇನ್ನೂ ಪುಟ್ಟದು, ಬಳಸುವವರಿಗೆ ಕಣ್ಣೇ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಅಮೆರಿಕದ ನೇತ್ರ ವೈದ್ಯರ ಅಕಾಡೆಮಿ ವರ್ಗಕ್ಕೊಂದು ಮುಚ್ಚಳದ ಬಣ್ಣ ಸೂಚಿಸಿತು. ಪಾಪೆ ಹಿಗ್ಗಿಸುವ ಅಟ್ರೊಪಿನ್, ಟ್ರೊಪಿಕಮೈಡ್‌ಗೆ ಕೆಂಪು. ಪಾಪೆ ಕುಗ್ಗಿಸುವ ಪೈಲೊಕಾರ್ಪಿನ್‌ಗೆ ಹಸಿರು. ಸ್ಟೀರಾಯ್ಡ್‌ಗೆ ಗುಲಾಬಿ. ಸ್ಟೀರಾಯ್ಡ್ ಅಲ್ಲದ ನೋವು ನಿವಾರಕಕ್ಕೆ ಬೂದು. ಸೋಂಕಿನ ಔಷಧಿಗೆ ತಿಳಿಕಂದು. ‘ಪ್ರೊಸ್ಟ್’ ಬಾಲದ ಗ್ಲಕೋಮಾ ಹನಿಗಳಿಗೆ ಹಸಿರುನೀಲಿ. ಆದರೆ ಇದು ಶಿಫಾರಸು. ಎಲ್ಲ ದೇಶಗಳಲ್ಲೂ, ಎಲ್ಲ ಕಂಪನಿಗಳೂ ಪಾಲಿಸುತ್ತವೆ ಅಂತ ನಂಬಿಕೊಳ್ಳಬೇಡಿ. ಕೆಂಪು ಮುಚ್ಚಳ ಕಂಡರೆ ಹೆಸರನ್ನು ಇನ್ನೊಮ್ಮೆ ಓದಿ, ಅಷ್ಟು ಸಾಕು.

ಎರಡನೆಯದು ಆಪರೇಷನ್ ಕೋಣೆಯ ಸಿರಿಂಜ್ ಲೇಬಲ್. ಇದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಅರಿವಳಿಕೆ ಶುರು ಮಾಡುವ ಔಷಧಿಗೆ ಹಳದಿ, ಸ್ನಾಯು ಸಡಿಲಿಸುವುದಕ್ಕೆ ಕೆಂಪು, ಒಪಿಯಾಯ್ಡ್‌ಗೆ ನೀಲಿ, ರಕ್ತದೊತ್ತಡ ಏರಿಸುವುದಕ್ಕೆ ನೇರಳೆ, ಜಾಗ ಮರಗಟ್ಟಿಸುವುದಕ್ಕೆ ಬೂದು. ಇಲ್ಲೊಂದು ಬಲೆ ಇದೆ. ಈ ಬಣ್ಣ ಸಿರಿಂಜಿಗೆ ತುಂಬಿದ ಮೇಲೆ ಅಂಟಿಸುವ ಲೇಬಲ್‌ನದ್ದು. ಕಂಪನಿಯಿಂದ ಬರುವ ಆಂಪೂಲ್ ಯಾವ ಬಣ್ಣದಲ್ಲಾದರೂ ಇರಬಹುದು. ಇನ್ನೊಂದು ಮಾತು: ಬೂದು ಬಣ್ಣ ಕಣ್ಣಿನ ಹನಿಯಲ್ಲಿ ಒಂದು ವರ್ಗ, ಸಿರಿಂಜಿನಲ್ಲಿ ಬೇರೆ ವರ್ಗ.

ಇನ್‌ಹೇಲರ್‌ಗಳಲ್ಲಿ ನೀಲಿ ಅಂದರೆ ತಕ್ಷಣ ಉಪಶಮನ ಕೊಡುವ ಸಾಲ್ಬುಟಮಾಲ್ ಅನ್ನುವ ರೂಢಿ ಬೆಳೆದಿದೆ. ಅದು ಬರೀ ರೂಢಿ. ರೋಗಿ ‘ನೀಲಿ ಪಂಪ್ ಕೊಡಿ’ ಅಂದಾಗ ಹಳೆಯ ಪಂಪ್ ಮೇಲಿನ ಹೆಸರು ನೋಡಿಯೇ ಕೊಡಿ.

ಪ್ಯಾಕ್‌ನ ರೂಪ ಮತ್ತು ವಸ್ತುವಿನಿಂದ ಏನು ಗೊತ್ತಾಗುತ್ತದೆ?

ನನಗೆ ಪ್ಯಾಕ್‌ನಲ್ಲಿ ಅತಿ ಇಷ್ಟವಾದ ಭಾಗ ಇದು. ಇಲ್ಲಿ ಪ್ರತಿಯೊಂದಕ್ಕೂ ಒಂದು ಕಾರಣ ಇರುತ್ತದೆ. ಕಾರಣ ಗೊತ್ತಾದರೆ ಪ್ಯಾಕ್ ಮರೆಯುವುದಿಲ್ಲ.

ಬಾಟಲಿಯಲ್ಲಿ ಒಣ ಪುಡಿ, ಹೊರಗೆ ನೀರು ತುಂಬಲು ಒಂದು ಗೆರೆ ಇದೆ ಅಂದುಕೊಳ್ಳಿ. ಹೆಚ್ಚಾಗಿ ಅದು ಮಕ್ಕಳ ಆಂಟಿಬಯೋಟಿಕ್. ಅಮಾಕ್ಸಿಸಿಲಿನ್‌ನಂಥ ಔಷಧಿ ನೀರಿನಲ್ಲಿ ಬಹಳ ದಿನ ಉಳಿಯುವುದಿಲ್ಲ, ನಿಧಾನವಾಗಿ ಒಡೆಯುತ್ತದೆ. ಅದಕ್ಕೇ ಒಣಗಿಸಿ ಕಳಿಸುತ್ತಾರೆ. ಕಲಸಿದ ಮೇಲೆ ಕೆಲವೇ ದಿನ ಆಯುಸ್ಸು. ಆದರೆ ಪುಡಿ ಬಾಟಲಿ ಅಂದರೆ ‘ಸಿಲಿನ್’ ಅಂತಲೇ ಅಲ್ಲ. ಸೆಫ್‌ಗಳೂ ಅಜಿಥ್ರೊಮೈಸಿನ್ನೂ ಹೀಗೇ ಬರುತ್ತವೆ. ಪೆನಿಸಿಲಿನ್ ಅಲರ್ಜಿ ಕೇಳುವಾಗ ಈ ವ್ಯತ್ಯಾಸವೇ ಮುಖ್ಯ. ಪ್ಯಾಕ್ ನಿಮ್ಮನ್ನು ಅರ್ಧ ದಾರಿ ತಂದು ಬಿಟ್ಟಿತು, ಉಳಿದ ಅರ್ಧಕ್ಕೆ ಬಾಲ ಓದಬೇಕು.

ಪುಟ್ಟ ಮಾತ್ರೆಗಳು, ಕಂದು ಗಾಜಿನ ಪುಟ್ಟ ಬಾಟಲಿ, ಬಿಗಿಯಾದ ಲೋಹದ ಮುಚ್ಚಳ. ಎದೆನೋವಿಗೆ ನಾಲಿಗೆ ಕೆಳಗಿಡುವ ಗ್ಲಿಸರಿಲ್ ಟ್ರೈನೈಟ್ರೇಟ್ ಆಗಿರಬಹುದು. ಈ ಔಷಧಿ ಗಾಳಿಗೆ ಆರಿ ಹೋಗುತ್ತದೆ, ಪ್ಲಾಸ್ಟಿಕ್ ಅದನ್ನು ಹೀರುತ್ತದೆ. ಮಾತ್ರೆಗಳನ್ನು ಬೇರೆ ಡಬ್ಬಿಗೆ ಸುರಿಯಬೇಡಿ ಅಂತ ರೋಗಿಗೆ ಹೇಳುವುದು ಇದಕ್ಕೇ. ಸುರಿದರೆ ಮಾತ್ರೆ ಉಳಿಯುತ್ತದೆ, ಔಷಧಿ ಉಳಿಯುವುದಿಲ್ಲ.

ದೊಡ್ಡ ಕಾರ್ಡಿನಲ್ಲಿ ನಾಲ್ಕೇ ಮಾತ್ರೆ ಇದ್ದರೆ ವಾರಕ್ಕೊಂದು ತೆಗೆದುಕೊಳ್ಳುವುದೇ ಅಂತ ಕೇಳಿಕೊಳ್ಳಿ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ 70 ಮಿ.ಗ್ರಾಂ. ಹೀಗೆ ಬರುತ್ತದೆ. ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೆ ವಾರಕ್ಕೊಮ್ಮೆಯೇ. ಆದರೆ ಅದರ ಸ್ಟ್ರಿಪ್ ಸಾಮಾನ್ಯ ಸ್ಟ್ರಿಪ್‌ನಂತೆ ಕಾಣಬಹುದು. ದಿನಾ ನುಂಗಿ ಜೀವ ಕಳೆದುಕೊಂಡವರಿದ್ದಾರೆ. ಪ್ಯಾಕ್ ಸುಳಿವು ಕೊಡದ ಕಡೆಯೇ ನೀವು ಬಾಯಿಬಿಟ್ಟು ಹೇಳಬೇಕು, ವಾರದ ಯಾವ ದಿನ ಅಂತ ಲೇಬಲ್ ಮೇಲೆ ಬರೆದು ಕೊಡಬೇಕು.

ಒಂದೇ ಕಾರ್ಡಿನಲ್ಲಿ 28 ಮಾತ್ರೆ, 21 ಒಂದು ಬಣ್ಣ, 7 ಇನ್ನೊಂದು ಬಣ್ಣ, ಪಕ್ಕದಲ್ಲಿ ಬಾಣದ ಗುರುತು ಇದ್ದರೆ ಗರ್ಭನಿರೋಧಕ ಮಾತ್ರೆ. ಆ 7ರಲ್ಲಿ ಹಾರ್ಮೋನ್ ಇರುವುದಿಲ್ಲ. ಇದು ಬಹುಶಃ ಪ್ಯಾಕ್ ನೋಡಿಯೇ ಗುರುತಿಸಬಹುದಾದ ಒಂದು ಔಷಧಿ. ಹಾಗಿದ್ದರೂ 24 ಮತ್ತು 4ರ ಕಾರ್ಡುಗಳಿವೆ, 28ರಲ್ಲೂ ಹಾರ್ಮೋನ್ ಇರುವ ಕಾರ್ಡುಗಳಿವೆ.

ಅಭ್ಯಾಸ ಹೇಗೆ ಮಾಡಲಿ?

ಖಾಲಿ ಡಬ್ಬಿ, ಸ್ಟ್ರಿಪ್‌ಗಳನ್ನು ಕೂಡಿಸಿಕೊಳ್ಳಿ. ಬ್ರ್ಯಾಂಡ್ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ. ಜೆನೆರಿಕ್ ಹೆಸರು ಮಾತ್ರ ಕಾಣಲಿ. ಬಾಲಕ್ಕೆ ಅಡಿಗೆರೆ ಎಳೆದು, ವರ್ಗ ಬರೆದು, ಆಮೇಲೆ ‘ಈ ಪ್ಯಾಕ್ ಯಾಕೆ ಹೀಗಿದೆ’ ಅನ್ನುವುದಕ್ಕೆ ಒಂದು ಸಾಲು ಬರೆಯಿರಿ. ಎರಡನೇ ಸುತ್ತಿಗೆ ಗೊಂದಲದ ಜೋಡಿಗಳನ್ನೇ ಪಕ್ಕಪಕ್ಕ ಇಡಿ: ಹೈಡ್ರಲಜೀನ್ ಮತ್ತು ಹೈಡ್ರಾಕ್ಸಿಜೀನ್, ಲೆಟ್ರೊಜೋಲ್ ಮತ್ತು ಫ್ಲುಕೊನಜೋಲ್, ನಿಸ್ಟಾಟಿನ್ ಮತ್ತು ಅಟೊರ್ವಾಸ್ಟಾಟಿನ್. ಬೇರೆ ಬೇರೆಯಾಗಿ ಕಲಿತದ್ದಕ್ಕಿಂತ ಪಕ್ಕಪಕ್ಕ ಇಟ್ಟು ಕಲಿತದ್ದು ಜಾಸ್ತಿ ನಿಲ್ಲುತ್ತದೆ.

ಎರಡು ಮೂರು ಔಷಧಿ ಸೇರಿದ ಮಾತ್ರೆ ಸಿಕ್ಕರೆ ಬಿಡಬೇಡಿ. ಟೆಲ್ಮಿಸಾರ್ಟನ್, ಅಮ್ಲೊಡಿಪಿನ್, ಹೈಡ್ರೊಕ್ಲೊರೊಥಯಜೈಡ್ ಒಂದೇ ಮಾತ್ರೆಯಲ್ಲಿದ್ದರೆ ಮೂರು ಬಾಲ, ಮೂರು ವರ್ಗ, ಮೂರು ಅಡ್ಡಪರಿಣಾಮ ಬರೆಯಬೇಕು. ರೋಗಿ ಬೇರೆ ಸ್ಟ್ರಿಪ್‌ನಲ್ಲಿ ಅದೇ ಅಮ್ಲೊಡಿಪಿನ್ ಅನ್ನು ಎರಡನೇ ಸಲ ತೆಗೆದುಕೊಳ್ಳುತ್ತಿರುವುದು ಸಿಕ್ಕಿಬೀಳುವುದು ಹೀಗೆ ಓದಿದಾಗಲೇ.

ವರ್ಗ ಗೊತ್ತಾಯಿತು. ಒಂದೇ ವರ್ಗದ ಇನ್ನೊಂದು ಔಷಧಿಯನ್ನು ಬದಲಿಗೆ ಕೊಡಬಹುದಾ?

ಕೊಡಬಾರದು. ಒಂದೇ ಜೆನೆರಿಕ್‌ನ ಬೇರೆ ಬ್ರ್ಯಾಂಡ್ ಕೊಡುವುದು ಒಂದು ಮಾತು, ಅದಕ್ಕೂ ಆಯಾ ಕಡೆಯ ನಿಯಮ ನೋಡಬೇಕು. ಒಂದೇ ಬಾಲದ ಬೇರೆ ಔಷಧಿ ಕೊಡುವುದು ಬೇರೆಯೇ ಮಾತು. ಪ್ರೊಪ್ರನೊಲಾಲ್ ಮತ್ತು ಅಟೆನೊಲಾಲ್ ಎರಡೂ ಒಲಾಲ್. ಅಟೆನೊಲಾಲ್ ಮುಖ್ಯವಾಗಿ ಹೃದಯದ ಮೇಲೆ ಕೆಲಸ ಮಾಡುತ್ತದೆ. ಪ್ರೊಪ್ರನೊಲಾಲ್ ಶ್ವಾಸನಾಳದ ಬೀಟಾ ರಿಸೆಪ್ಟರ್‌ಗಳನ್ನೂ ತಡೆಯುತ್ತದೆ, ಅಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು. ಹಾಗಂತ ಅಟೆನೊಲಾಲ್ ಅಸ್ತಮಾದವರಿಗೆ ಪೂರ್ತಿ ಸುರಕ್ಷಿತ ಅಂತಲೂ ಅಲ್ಲ. ಇಷ್ಟು ವ್ಯತ್ಯಾಸ ಬಾಲದಲ್ಲಿ ಕಾಣುವುದಿಲ್ಲ. ಒಲಾಲ್ ಅಂತ ಕಂಡ ಕೂಡಲೇ ‘ಅಸ್ತಮಾ ಇದೆಯಾ?’ ಅಂತ ರೋಗಿಯನ್ನು ಕೇಳಿ. ಇದೆ ಅಂದರೆ ಔಷಧಿ ಕೊಡುವ ಮೊದಲು ಬರೆದ ವೈದ್ಯರಿಗೆ ಫೋನ್ ಮಾಡಿ.